ದಯೆಯಲ್ಲ, ದಿನಾಂಕ ಕೇಳುವ ಪತ್ರ

ಪೀಣ್ಯದಲ್ಲಿ ಯಂತ್ರಗಳ ಬಿಡಿಭಾಗ ತಯಾರಿಸುವ ಪರಿಚಿತರೊಬ್ಬರು ಇತ್ತೀಚೆಗೆ ಪತ್ರವೊಂದರ ಕರಡನ್ನು ತಂದು ತೋರಿಸಿದರು. ದೊಡ್ಡ ಕಂಪನಿಯೊಂದಕ್ಕೆ ಅವರು ಸರಕು ಒಪ್ಪಿಸಿ, ಬಿಲ್ಲು ಸಲ್ಲಿಸಿ 75 ದಿನಗಳಾಗಿದ್ದವು. ಸರಕಿನ ಬೆಲೆ 20 ಲಕ್ಷ, ಜಿಎಸ್‌ಟಿ 3.60 ಲಕ್ಷ, ಒಟ್ಟು 23.60 ಲಕ್ಷ ರೂಪಾಯಿ. ಇಡೀ ಮೊತ್ತ ಒಮ್ಮೆಗೇ ಕೈಸೇರುವ ಆಸೆ ಬಿಟ್ಟಿದ್ದ ಅವರು, ‘ತಮಗೆ ಅನುಕೂಲವಾದಂತೆ ಕಂತುಗಳಲ್ಲಾದರೂ ಪಾವತಿಸಬೇಕು’ ಎಂದು ವಿನಂತಿಸಿದ್ದರು.

ಮುಂದಿನ ಆರ್ಡರ್ ಕೈತಪ್ಪೀತೆಂಬ ಭಯವೇ ಈ ವಿನಯದ ಮೂಲ. ಆದರೆ ‘ಅನುಕೂಲವಾದಂತೆ’ ಎಂಬ ಒಂದು ಪದ ಸಾಲ ಕೊಟ್ಟವನನ್ನೇ ಬೇಡುವವನನ್ನಾಗಿಸುತ್ತದೆ. 2006ರ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಅಭಿವೃದ್ಧಿ ಕಾಯಿದೆಯ ಪ್ರಕಾರ, ಸೂಕ್ಷ್ಮ ಅಥವಾ ಸಣ್ಣ ಉದ್ಯಮದಿಂದ ಸರಕು ಪಡೆದವರು ಒಪ್ಪಂದ ಏನೇ ಇದ್ದರೂ 45 ದಿನಗಳೊಳಗೆ ಹಣ ಕೊಡಬೇಕು. ತಪ್ಪಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳಿಗೊಮ್ಮೆ ಚಕ್ರಬಡ್ಡಿ. ಸರಕಿನ ಬಗ್ಗೆ ತಕರಾರಿದ್ದರೆ 15 ದಿನಗಳೊಳಗೆ ಲಿಖಿತವಾಗಿ ತಿಳಿಸಬೇಕು. ಇಲ್ಲವಾದರೆ ಸರಕನ್ನು ಒಪ್ಪಿಕೊಂಡಂತೆಯೇ.

ಆದ್ದರಿಂದ ಪತ್ರದ ಆರಂಭದಲ್ಲಿ ಆರ್ಡರ್ ಮತ್ತು ಬಿಲ್ಲಿನ ಸಂಖ್ಯೆ, ಸರಕು ತಲುಪಿದ ದಿನ, ಉದ್ಯಮ್ ನೋಂದಣಿ ಸಂಖ್ಯೆ, ಲಿಖಿತ ತಕರಾರು ಬಂದಿಲ್ಲವೆಂಬ ಮಾತು ಇಷ್ಟೇ ಇದ್ದರೆ ಸಾಕೆಂದೆ. ಬಳಿಕ ಕಂತುಗಳ ಲೆಕ್ಕ ಹಾಕಿದೆವು. ಹಣ ಬಾರದಿದ್ದರೂ ಜಿಎಸ್‌ಟಿಯನ್ನು ಅವರು ಕೈಯಿಂದಲೇ ಕಟ್ಟಿದ್ದರು. ಉಕ್ಕು ಕೊಟ್ಟವರಿಗೆ 4 ಲಕ್ಷ ತುರ್ತಾಗಿ ಸಲ್ಲಬೇಕಿತ್ತು. ಹೀಗಾಗಿ ವಾರದೊಳಗೆ 7.60 ಲಕ್ಷ, ಅನಂತರ ತಿಂಗಳಿಗೊಂದರಂತೆ 6, 5 ಮತ್ತು 5 ಲಕ್ಷ. ಕೊನೆಯ ಕಂತು ಬಿಲ್ಲಿನ ದಿನದಿಂದ 172ನೇ ದಿನಕ್ಕೆ ಬೀಳುತ್ತದೆ. ಇದು ಆಕಸ್ಮಿಕವಲ್ಲ. 180 ದಿನ ಮೀರಿದರೆ ಪಾವತಿಯಾಗದ ಭಾಗದ ಮೇಲೆ ಪಡೆದ ಜಿಎಸ್‌ಟಿ ಕ್ರೆಡಿಟ್ಟನ್ನು ಖರೀದಿದಾರರು ಬಡ್ಡಿಸಹಿತ ಹಿಂದಿರುಗಿಸಬೇಕಾಗುತ್ತದೆ. ಕಂಪನಿಯ ಲೆಕ್ಕಪತ್ರ ವಿಭಾಗಕ್ಕೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನೆರಡು ವಾಕ್ಯಗಳನ್ನು ಮರೆಯಬಾರದು. ಕಂತಿಗೆ ಒಪ್ಪಿದ ಮಾತ್ರಕ್ಕೆ ಕಾಯಿದೆಯ ಬಡ್ಡಿಯ ಹಕ್ಕನ್ನು ಬಿಟ್ಟುಕೊಟ್ಟಿಲ್ಲ, ಒಂದು ಕಂತು ತಪ್ಪಿದರೂ ಉಳಿದ ಮೊತ್ತ ಕೂಡಲೇ ಸಲ್ಲಬೇಕು ಎಂಬುದು ಮೊದಲನೆಯದು. ಪತ್ರದ ಪ್ರತಿಗೆ ಅಧಿಕೃತ ಅಧಿಕಾರಿ ಸಹಿ ಹಾಕಿ ಮರಳಿಸಬೇಕೆಂಬುದು ಎರಡನೆಯದು. ಆ ಸಹಿ ಬಾಕಿಯ ಲಿಖಿತ ಒಪ್ಪಿಗೆ. ಕಾಲಮಿತಿ ಕಾಯಿದೆಯ ಮೂರು ವರ್ಷಗಳ ಅವಧಿ ಅಂದಿನಿಂದ ಹೊಸದಾಗಿ ಆರಂಭವಾಗುತ್ತದೆ.

‘ನೋಡೋಣ’ ಎಂಬ ದೂರವಾಣಿ ಉತ್ತರವಷ್ಟೇ ಬಂದರೆ ಕಂಪನಿಗೆ ಬದ್ಧವಾಗುವ ಮನಸ್ಸಿಲ್ಲವೆಂದು ತಿಳಿಯಬೇಕು. ಆಗ ಉಳಿಯುವ ದಾರಿ ಸೌಲಭ್ಯ ಮಂಡಳಿಗೆ ದೂರು. ಆದರೆ ದೂರು ಕೊಟ್ಟ ಸಣ್ಣವನಿಗೆ ಮುಂದಿನ ಆರ್ಡರ್ ಸಿಕ್ಕೀತೆಂಬ ಭರವಸೆಯನ್ನು ಯಾವ ಕಾಯಿದೆಯೂ ಕೊಡದು. ನಮ್ಮ ಪರಿಚಿತರು ಕರಡನ್ನು ಮಡಚಿ ಜೇಬಿಗಿಟ್ಟುಕೊಳ್ಳುತ್ತಾ ಹೇಳಿದ್ದೂ ಅದನ್ನೇ.