ಮೇಜಿನ ಅಂಚು ಹೇಳುವ ಸತ್ಯ

ಜತ್ತ ತಾಲೂಕಿನ ಉಮದಿ, ಸಂಖ, ಮಾಡಗ್ಯಾಳದಂತಹ ಊರುಗಳಲ್ಲಿ ಹಿಂದೆ ಮಂಚ, ಮೇಜು, ಕಪಾಟುಗಳನ್ನು ಊರ ಬಡಿಗೇರರೇ ಮಾಡಿಕೊಡುತ್ತಿದ್ದರು. ಕಟ್ಟಿಗೆ ಬೇವಿನದೋ ಜಾಲಿಯದೋ ಎಂದು ಕೇಳುವ ಪ್ರಸಂಗವೇ ಇರಲಿಲ್ಲ. ಅನೇಕ ವೇಳೆ ಮರ ಬೆಳೆದದ್ದು ಕೊಳ್ಳುವವನ ಹೊಲದ ಬದುವಿನಲ್ಲಿಯೇ. ಇಂದು ಅದೇ ಮನೆಯವರು ಸಾಂಗಲಿ, ಮೀರಜ ಅಥವಾ ವಿಜಯಪುರದ ಅಂಗಡಿಗೆ ಹೋಗುತ್ತಾರೆ, ಇಲ್ಲವೇ ಮೊಬೈಲಿನಲ್ಲಿ ಚಿತ್ರ ನೋಡಿ ಬೇಡಿಕೆ ಸಲ್ಲಿಸುತ್ತಾರೆ. ಎರಡೂ ಕಡೆ ವಸ್ತುವಿನ ಹೆಸರು ಒಂದೇ: ‘ಕಟ್ಟಿಗೆಯ ಮೇಜು’. ಆದರೆ ಆ ಹೆಸರಿನ ಒಳಗೆ ಏನಿದೆ ಎಂಬುದನ್ನು ಕೊಳ್ಳುವವನೇ ಕಂಡುಕೊಳ್ಳಬೇಕಾಗಿದೆ.

ಹತ್ತನೆಯ ತರಗತಿಯ ಮಗಳಿಗಾಗಿ ಒಂದು ಕುಟುಂಬ ಓದುವ ಮೇಜನ್ನು ಕೊಳ್ಳಲು ಹೊರಟಿದೆ ಎಂದು ಭಾವಿಸೋಣ. ಮೇಲ್ಹಲಗೆ 120 ಸೆಂಟಿಮೀಟರ್ ಉದ್ದ, 60 ಸೆಂಟಿಮೀಟರ್ ಅಗಲ, 18 ಮಿಲಿಮೀಟರ್ ದಪ್ಪ. ತಂದೆ ಅದರ ಒಂದು ತುದಿಯನ್ನು ಎತ್ತಿ ನೋಡುತ್ತಾನೆ. ಭಾರವಾಗಿದ್ದರೆ ಅಪ್ಪಟ ಕಟ್ಟಿಗೆ ಎಂಬುದು ಹಳೆಯ ನಂಬಿಕೆ. ಈ ನಂಬಿಕೆಯೇ ಮೊದಲು ಮೋಸಗೊಳಿಸುತ್ತದೆ. ಒಣಗಿದ ಸಾಗವಾನಿ ಘನಮೀಟರಿಗೆ ಸುಮಾರು 650 ಕಿಲೋ ತೂಗುತ್ತದೆ. ಆ ಲೆಕ್ಕದಲ್ಲಿ ಈ ಹಲಗೆ ಎಂಟೂವರೆ ಕಿಲೋ. ಕಟ್ಟಿಗೆಯ ನಾರನ್ನು ಅಂಟಿನೊಡನೆ ಒತ್ತಿ ಮಾಡಿದ ಎಂಡಿಎಫ್ ಘನಮೀಟರಿಗೆ ಸುಮಾರು 750 ಕಿಲೋ. ಅದೇ ಅಳತೆಯ ಹಲಗೆ ಹತ್ತು ಕಿಲೋಗೆ ಸಮೀಪ. ಅಂದರೆ ಹೆಚ್ಚು ಭಾರವಿರುವುದು ಎಂಡಿಎಫ್. ತೂಕದಿಂದ ಕಟ್ಟಿಗೆಯ ಜಾತಿಯನ್ನು ನಿರ್ಣಯಿಸಲಾಗದು.

ನಿರ್ಣಯ ದೊರೆಯುವುದು ಅಂಚಿನಲ್ಲಿ. ಅಪ್ಪಟ ಹಲಗೆಯ ಮೇಲ್ಮೈಯಲ್ಲಿ ಉದ್ದಕ್ಕೆ ಹರಿದ ಎಳೆಗಳು ತುದಿಗೆ ಬಂದಾಗ ಮಾಯವಾಗುವುದಿಲ್ಲ. ಕೊಯ್ದ ತುದಿಯ ಮೇಲೆ ಮರದ ಬಳೆಗಳ ಕಮಾನುಗಳಾಗಿ ಮುಂದುವರಿಯುತ್ತವೆ. ತುದಿಯಲ್ಲಿಯೂ ಮೇಲ್ಮೈಯಂತೆಯೇ ಉದ್ದ ಎಳೆಗಳು ಕಂಡರೆ ಅಲ್ಲಿ ಪಟ್ಟಿಯನ್ನು ಅಂಟಿಸಲಾಗಿದೆ ಎಂದರ್ಥ. ಒಂದೇ ಬಗೆಯ ಗಂಟು ಒಂದೇ ಹಲಗೆಯಲ್ಲಿ ಎರಡು ಕಡೆ ಯಥಾವತ್ತಾಗಿ ಕಂಡರೆ ಅದು ಅಚ್ಚು ಹಾಕಿದ ಹಾಳೆ. ಇದಾದ ಮೇಲೆ ಬಗ್ಗಿ ಮೇಜಿನ ಕೆಳಭಾಗವನ್ನೂ, ಡ್ರಾವರ್ ಎಳೆದು ಅದರ ಹಿಂಬದಿಯನ್ನೂ, ಸ್ಕ್ರೂ ರಂಧ್ರಗಳನ್ನೂ ನೋಡಬೇಕು. ಬಣ್ಣ ತಲುಪದ ಈ ಸ್ಥಳಗಳಲ್ಲಿ ಹರಳುಹರಳಾದ ಕಟ್ಟಿಗೆಯ ಚೂರು ಕಂಡರೆ ಪಾರ್ಟಿಕಲ್ ಬೋರ್ಡ್; ರಟ್ಟಿನಂತೆ ನಯವಾದ ಕಂದು ಪುಡಿ ಕಂಡರೆ ಎಂಡಿಎಫ್; ಅಡ್ಡಡ್ಡ ಪದರಗಳು ಕಂಡರೆ ಪ್ಲೈವುಡ್.

ಮುಖ ಅಪ್ಪಟ, ಬೆನ್ನು ಅಗ್ಗ ಎಂಬ ಮಿಶ್ರಣವೂ ಸಾಮಾನ್ಯ. ಕಾಲುಗಳು ಮಾವಿನ ಕಟ್ಟಿಗೆಯವು, ಮೇಲ್ಹಲಗೆ ಎಂಡಿಎಫ್, ಡ್ರಾವರಿನ ತಳ ತೆಳು ಪ್ಲೈ ಇರಬಹುದು. ಇದು ತಾನಾಗಿಯೇ ದೋಷವಲ್ಲ. ದೋಷವಿರುವುದು ಇಡೀ ಮೇಜನ್ನು ಒಂದೇ ಮಾತಿನಲ್ಲಿ ‘ಸಾಲಿಡ್ ವುಡ್’ ಎಂದು ಮಾರುವುದರಲ್ಲಿ.

ಅಪ್ಪಟವಾದ ಮಾತ್ರಕ್ಕೆ ಕಟ್ಟಿಗೆ ಒಳ್ಳೆಯದೂ ಅಲ್ಲ. ಸಾಗವಾನಿಯ ಒಡಲು ಗೆದ್ದಲಿಗೆ ಬಗ್ಗುವುದಿಲ್ಲ, ಆದರೆ ತೊಗಟೆಯ ಒಳಮಗ್ಗುಲಿನ ಬಿಳಿಚು ಭಾಗಕ್ಕೆ ಆ ಗುಣವಿಲ್ಲ. ಬಣ್ಣ ಬಳಿದು ಆ ಬಿಳುಪನ್ನು ಮರೆಮಾಡುವುದು ಸುಲಭ. ಬಣ್ಣವಿಲ್ಲದ ಕೆಳಭಾಗವನ್ನು ನೋಡಬೇಕಾದುದಕ್ಕೆ ಇದೂ ಒಂದು ಕಾರಣ. ಗುಂಡುಸೂಜಿಯಷ್ಟು ತೂತುಗಳಿದ್ದು ಕೆಳಗೆ ಹಿಟ್ಟಿನಂತಹ ನುಣುಪು ಪುಡಿ ಬಿದ್ದಿದ್ದರೆ ಹುಳ ಇನ್ನೂ ಒಳಗಿದೆ.

ಜತ್ತದ ಹವೆ ಇನ್ನೊಂದು ಪರೀಕ್ಷೆಯನ್ನು ಒಡ್ಡುತ್ತದೆ. ಕಟ್ಟಿಗೆ ಉದ್ದಕ್ಕೆ ಕುಗ್ಗುವುದು ಅತ್ಯಲ್ಪ, ಅಗಲಕ್ಕೆ ಕುಗ್ಗುವುದು ಗಣನೀಯ. ತೇವದ ಸೀಮೆಯಲ್ಲಿ ಸಿದ್ಧವಾದ 60 ಸೆಂಟಿಮೀಟರ್ ಅಗಲದ ಹಲಗೆ ನಮ್ಮ ಬೇಸಿಗೆಯ ಒಣಗಾಳಿಗೆ ಬಂದು ತನ್ನ ತೇವಾಂಶದಲ್ಲಿ ನೂರಕ್ಕೆ ನಾಲ್ಕರಷ್ಟನ್ನು ಕಳೆದುಕೊಂಡರೆ ನಾಲ್ಕೈದು ಮಿಲಿಮೀಟರ್ ಕಿರಿದಾಗಬಲ್ಲದು. ಹಲಗೆಯನ್ನು ಚೌಕಟ್ಟಿಗೆ ಎಲ್ಲ ಕಡೆ ಅಂಟಿನಿಂದ ಬಿಗಿದಿದ್ದರೆ ಅದಕ್ಕೆ ಸರಿಯಲು ಜಾಗವಿಲ್ಲ. ಅದು ನಡುವೆ ಸೀಳುತ್ತದೆ. ಬಲ್ಲ ಬಡಿಗೇರ ಸ್ಕ್ರೂ ರಂಧ್ರವನ್ನು ಉದ್ದುದ್ದವಾಗಿ ಕೊರೆದು ಹಲಗೆಗೆ ಅಲುಗಾಡಲು ಎಡೆ ಬಿಟ್ಟಿರುತ್ತಾನೆ. ಮೇಜನ್ನು ತಿರುವಿ ಹಾಕಿ ಆ ಉದ್ದ ರಂಧ್ರವನ್ನು ಕಂಡವರು ಒಳ್ಳೆಯ ಕೆಲಸವನ್ನು ಕಂಡಂತೆ. ಪ್ಲೈವುಡ್ಡಿನ ಪದರಗಳು ಒಂದನ್ನೊಂದು ಅಡ್ಡ ಹಿಡಿದಿರುವುದರಿಂದ ಅದು ಹೀಗೆ ಸೀಳುವುದಿಲ್ಲ. ಅಗಲವಾದ ಕಪಾಟಿನ ಬಾಗಿಲಿಗೆ ಒಳ್ಳೆಯ ಪ್ಲೈ ಅಪ್ಪಟ ಹಲಗೆಗಿಂತ ಹೆಚ್ಚು ನೆಟ್ಟಗಿರುವುದು ಇದೇ ಕಾರಣಕ್ಕೆ. ನೀರು ತಾಗುವೆಡೆಗೆ ಪ್ಲೈ ಕೊಳ್ಳುವವರು ಹಾಳೆಯ ಮೇಲೆ ಐಎಸ್‌ಐ ಗುರುತಿನೊಡನೆ IS 710 ಎಂಬ ಅಂಕೆಯನ್ನು ಹುಡುಕಬೇಕು.

ಪಾರ್ಟಿಕಲ್ ಬೋರ್ಡಿನ ವೈರಿಗಳು ಮೂರು: ನೀರು, ಭಾರ, ಸ್ಥಳಾಂತರ. ನೆಲ ಒರೆಸುವ ನೀರು ಮುಚ್ಚದ ಅಂಚಿಗೆ ತಾಗಿದರೆ ಅದು ಉಬ್ಬುತ್ತದೆ. ಒಣಗಿದರೂ ಮೊದಲಿನ ದಪ್ಪಕ್ಕೆ ಮರಳುವುದಿಲ್ಲ. ಪುಸ್ತಕದ ಅಡ್ಡಹಲಗೆ 60 ಸೆಂಟಿಮೀಟರ್ ಇದ್ದದ್ದು 90 ಆಗಿ, ಪುಸ್ತಕಗಳನ್ನು ಅಷ್ಟೇ ಒತ್ತಾಗಿ ತುಂಬಿದರೆ, ನಡುವಿನ ಬಾಗು ಒಂದೂವರೆ ಪಟ್ಟಲ್ಲ, ಸುಮಾರು ಐದು ಪಟ್ಟಾಗುತ್ತದೆ. ಬಿಚ್ಚಿ ಮತ್ತೆ ಜೋಡಿಸಿದಾಗ ಸ್ಕ್ರೂ ರಂಧ್ರ ಸಡಿಲಾಗುತ್ತದೆ. ಮೇಲಿಂದ ಮೇಲೆ ವರ್ಗವಾಗುವ ಶಿಕ್ಷಕರ ಮನೆಗೆ ಅದು ತಕ್ಕದ್ದಲ್ಲ. ಈ ಮೂರೂ ಇಲ್ಲದ ಕಡೆ, ಕಡಿಮೆ ಬೆಲೆಗೆ, ಅದನ್ನು ಕೊಳ್ಳುವುದರಲ್ಲಿ ತಪ್ಪೇನಿಲ್ಲ.

ಮೊಬೈಲಿನಲ್ಲಿ ಕೊಳ್ಳುವವರಿಗೆ ಅಂಚನ್ನು ಮುಟ್ಟುವ ಅವಕಾಶವಿಲ್ಲ. ಅವರು ಅಕ್ಷರಗಳನ್ನು ಓದಬೇಕು. Sheesham Finish ಎಂದರೆ ಶೀಶಮ್ ಬಣ್ಣ, ಶೀಶಮ್ ಕಟ್ಟಿಗೆಯಲ್ಲ. Primary Material ಎಂಬ ಸಾಲಿನಲ್ಲಿ Engineered Wood ಎಂದಿದ್ದರೆ ಚಿತ್ರ ಎಷ್ಟೇ ಸೊಗಸಾಗಿರಲಿ, ಒಳಗಿರುವುದು ಒತ್ತಿದ ಹಲಗೆ. ಆ ಪುಟದ ಚಿತ್ರವನ್ನು ಬೇಡಿಕೆ ಸಲ್ಲಿಸುವ ದಿನವೇ ತೆಗೆದಿಟ್ಟುಕೊಳ್ಳಬೇಕು, ಏಕೆಂದರೆ ನಾಳೆ ಆ ಪುಟ ಬದಲಾಗಬಹುದು. ಪೆಟ್ಟಿಗೆ ಬಂದಾಗ ಕಾಲುಗಳನ್ನು ಜೋಡಿಸುವ ಮುನ್ನವೇ ಅಂಚು ಮತ್ತು ರಂಧ್ರಗಳನ್ನು ಪರೀಕ್ಷಿಸಿ ಫೋಟೋ ತೆಗೆಯಬೇಕು.

2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಬಿಲ್ಲು ಕೊಡದಿರುವುದು ಅನುಚಿತ ವ್ಯಾಪಾರ ಪದ್ಧತಿ. ದೋಷಯುಕ್ತ ಸರಕನ್ನು ಬಿಲ್ಲಿನಲ್ಲಿ ನಮೂದಿಸಿದ ಅವಧಿಯೊಳಗೆ, ಅವಧಿ ಇಲ್ಲದಿದ್ದರೆ 30 ದಿನಗಳೊಳಗೆ, ಮರಳಿ ಪಡೆಯಲು ನಿರಾಕರಿಸುವುದೂ ಅಂತೆಯೇ. ಮಾರಾಟಗಾರ ದೂರದ ಮಹಾನಗರದಲ್ಲಿದ್ದರೂ ಜತ್ತದ ನಿವಾಸಿ ಸಾಂಗಲಿಯ ಜಿಲ್ಲಾ ಗ್ರಾಹಕ ಆಯೋಗದಲ್ಲಿಯೇ ದೂರು ಸಲ್ಲಿಸಬಹುದು. ಸರಕಿನ ಬೆಲೆ ಐದು ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವಿಲ್ಲ. ಕಾಲಮಿತಿ ಎರಡು ವರ್ಷ. ಅದಕ್ಕೂ ಮುನ್ನ 1915 ಸಂಖ್ಯೆಯ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ತಿಳಿಸಬಹುದು.

ಆದರೆ ಆಯೋಗದ ಮುಂದೆ ಉಳಿಯುವ ಮಾತು ಬರೆದ ಮಾತು. ‘ಮೇಜು, ಒಂದು’ ಎಂದಷ್ಟೇ ಬರೆದ ಬಿಲ್ಲು ಅಲ್ಲಿ ಹೆಚ್ಚೇನನ್ನೂ ಸಾಬೀತುಪಡಿಸದು. ‘ಮೇಲ್ಹಲಗೆ ಅಪ್ಪಟ ಸಾಗವಾನಿ, 18 ಮಿಲಿಮೀಟರ್, ಕಾಲುಗಳು ಮಾವು, ಡ್ರಾವರ್ ತಳ ಪ್ಲೈ’ ಎಂದು ಭಾಗಭಾಗವಾಗಿ ಬರೆಸಿಕೊಳ್ಳುವುದಕ್ಕೆ ಬೇಕಾಗುವುದು ಎರಡು ನಿಮಿಷ. ಹಾಗೆ ಬರೆದುಕೊಡಲು ಅಂಗಡಿಯವನು ಹಿಂಜರಿದರೆ, ಮೇಜಿನ ಅಂಚನ್ನು ಇನ್ನೊಮ್ಮೆ ನೋಡಬೇಕು.