ಗೇಟಿಗೆ ಸುತ್ತಿದ ಸೀರಿಯಲ್ ಸೆಟ್, ಸಂಜೆಯ ಮಳೆ

ದೀಪಾವಳಿಯ ಹೊತ್ತಿಗೆ ಹಿಂಗಾರು ಮಳೆ ಇನ್ನೂ ಮುಗಿದಿರುವುದಿಲ್ಲ. ಮಧ್ಯಾಹ್ನ ಬಿಸಿಲು ನೋಡಿ ಕಟ್ಟಿದ ದೀಪದ ಸರ ಸಂಜೆಗೆ ತೊಪ್ಪೆಯಾಗಿರುತ್ತದೆ. ಆ ಸರದಲ್ಲಿ ಹರಿಯುವುದು ಎಷ್ಟು ವೋಲ್ಟು ಎಂದು ಯೋಚಿಸುವವರು ಕಡಿಮೆ. ಬಲ್ಬು ಅಕ್ಕಿಕಾಳಿನಷ್ಟು, ವೈರು ದಾರದಷ್ಟು. ಅದರಿಂದ ಏನಾದೀತು ಎಂಬ ಧೈರ್ಯ.

ಅಗ್ಗದ ಸೆಟ್ಟುಗಳಲ್ಲಿ ವೋಲ್ಟೇಜ್ ಇಳಿಸುವ ಸಾಧನವೇ ಇರುವುದಿಲ್ಲ. ಒಂದು ಪುಟ್ಟ ಬಲ್ಬಿಗೆ ಬೇಕಾದದ್ದು ಸುಮಾರು 3 ವೋಲ್ಟ್. ಐವತ್ತು, ಅರವತ್ತು ಬಲ್ಬುಗಳನ್ನು ಒಂದರ ಬೆನ್ನಿಗೆ ಒಂದರಂತೆ ಜೋಡಿಸಿ ನೇರವಾಗಿ ಮನೆಯ 230 ವೋಲ್ಟ್ ಸಾಕೆಟ್ಟಿಗೆ ಸಿಕ್ಕಿಸುತ್ತಾರೆ. ಸೀರಿಯಲ್ ಎಂಬ ಹೆಸರು ಬಂದದ್ದೇ ಹಾಗೆ. ಎಲ್ಲ ಬಲ್ಬುಗಳೂ ಉರಿಯುತ್ತಿರುವಾಗ ಆ ವೋಲ್ಟೇಜು ಅವುಗಳ ನಡುವೆ ಹಂಚಿಹೋಗುತ್ತದೆ. ಒಂದು ಬಲ್ಬು ಸಡಿಲವಾಗಿ ಕಿತ್ತುಬಂದರೆ ಸಾಲು ಆರುತ್ತದೆ, ಆದರೆ ಹಂಚಿಕೆಯೂ ಅಲ್ಲಿಗೇ ನಿಲ್ಲುತ್ತದೆ. ಬಲ್ಬು ಕಿತ್ತ ಜಾಗದ ಎರಡು ತಂತಿತುದಿಗಳ ನಡುವೆ ಆಗ ಪೂರ್ತಿ 230 ವೋಲ್ಟ್ ನಿಂತಿರುತ್ತದೆ. ದೀಪ ಆರಿದೆ, ಕರೆಂಟಿಲ್ಲ ಎಂದುಕೊಂಡು ಅಲ್ಲಿಗೇ ಬೆರಳಿಡುತ್ತೇವೆ. ಸ್ವಿಚ್ ಆಫ್ ಮಾಡಿದ್ದರೂ ಸಾಲದು. ಎರಡು ಪಿನ್ನಿನ ಪ್ಲಗ್ಗನ್ನು ಹೇಗೆ ಬೇಕಾದರೂ ತಿರುಗಿಸಿ ಹಾಕಬಹುದಾದ್ದರಿಂದ ಸೆಟ್ಟಿನ ಡಬ್ಬಿಯಲ್ಲಿರುವ ಸ್ವಿಚ್ಚು ಫೇಸನ್ನು ಬಿಟ್ಟು ನ್ಯೂಟ್ರಲ್ಲನ್ನು ಕತ್ತರಿಸುತ್ತಿರಬಹುದು. ಬಲ್ಬು ಮುಟ್ಟುವ ಮೊದಲು ಪ್ಲಗ್ಗನ್ನೇ ಕೀಳಬೇಕು.

ಒಂದು ಸಾಧಾರಣ ಮನೆಯನ್ನು ನೆನೆಸಿಕೊಳ್ಳಿ. ಜಗಲಿಯ ಸಾಕೆಟ್ಟಿನಿಂದ ಗೇಟಿಗೆ ಇಪ್ಪತ್ತು ಅಡಿ. ಸೆಟ್ಟಿನ ವೈರು ಅಷ್ಟು ದೂರಕ್ಕೆ ಸಾಲದು. ಬೇರೊಂದು ವೈರು ತಂದು ತುದಿಗಳನ್ನು ಹೊಸೆದು, ಇನ್ಸುಲೇಷನ್ ಟೇಪು ಸುತ್ತಿ, ಸರವನ್ನು ಕಬ್ಬಿಣದ ಗೇಟಿನ ಸರಳುಗಳಿಗೆ ಬಿಗಿಯಾಗಿ ಸುತ್ತಿದ್ದಾರೆ. ಈ ಟೇಪು ಬಿಸಿಲು, ನೀರು ತಾಗಿದರೆ ಅಂಟು ಬಿಡುತ್ತದೆ. ಮಳೆ ಬಂದಾಗ ನೀರು ಟೇಪಿನ ಸಂದಿನಿಂದ ಒಳಗಿಳಿದು, ತಾಮ್ರದ ಎಳೆಗಳನ್ನು ತಾಕಿ, ಹೊರಗೆ ಗೇಟಿನವರೆಗೂ ತೇವದ ದಾರಿ ಮಾಡಿಕೊಳ್ಳುತ್ತದೆ. ಗೇಟು ಕೂತಿರುವುದು ಸಿಮೆಂಟ್ ಕಂಬದಲ್ಲಿ, ಅದಕ್ಕೆ ಅರ್ಥಿಂಗ್ ಇಲ್ಲ. ಹಾಗಾಗಿ ಗೇಟಿಗೆ ಬಂದ ಕರೆಂಟು ಮುಂದೆ ಹೋಗಲು ದಾರಿ ಕಾಣದೆ ಕಾಯುತ್ತದೆ. ಹಣತೆ ಇಡಲು ಬರಿಗಾಲಲ್ಲಿ ಬಂದ ಹುಡುಗಿ ಗೇಟು ಹಿಡಿದಾಗ ಆ ದಾರಿ ಸಿಗುತ್ತದೆ.

ಆ ಹೊತ್ತಿಗೆ ಎಂಸಿಬಿ ಬೀಳುವುದಿಲ್ಲ. ಅದು ಕಾಯುವುದು ವೈರನ್ನು, ಮನುಷ್ಯರನ್ನಲ್ಲ. 6 ಆಂಪಿಯರಿನ ಎಂಸಿಬಿ ಅದಕ್ಕಿಂತ ಕಡಿಮೆ ಕರೆಂಟಿಗೆ ಅಲುಗುವುದೇ ಇಲ್ಲ. ಮನುಷ್ಯನ ಎದೆಬಡಿತ ಕೆಡಿಸಲು ಒಂದು ಆಂಪಿಯರಿನ ಹತ್ತನೇ ಒಂದು ಭಾಗ ಸಾಕು. ಉಳಿಸುವುದು ಆರ್‌ಸಿಸಿಬಿ. ಹೋದ ಕರೆಂಟೆಷ್ಟು, ಮರಳಿದ್ದೆಷ್ಟು ಎಂದು ತೂಗಿ ನೋಡಿ, 30 ಮಿಲಿಆಂಪಿಯರ್ ಸೋರಿದರೆ ಕ್ಷಣದೊಳಗೆ ಕಡಿದುಹಾಕುತ್ತದೆ. ಅದರ ಮೇಲಿನ ಪರೀಕ್ಷೆಯ ಗುಂಡಿ ಒತ್ತಿದಾಗ ಬೀಳದಿದ್ದರೆ ಅದು ಕೆಟ್ಟಿದೆ ಎಂದರ್ಥ. ಆದರೆ ಒಂದೇ ಸಲ ಫೇಸನ್ನೂ ನ್ಯೂಟ್ರಲ್ಲನ್ನೂ ಮುಟ್ಟಿದವರನ್ನು ಆರ್‌ಸಿಸಿಬಿ ಕೂಡ ಗುರುತಿಸಲಾರದು. ಬಲ್ಬು ಕಿತ್ತ ಜಾಗದ ಅಪಾಯ ಅಂಥದ್ದೇ.

ಇದಕ್ಕೆ ನನ್ನ ಮಟ್ಟಿಗೆ ಒಳ್ಳೆಯ ಪರಿಹಾರ ಅಡಾಪ್ಟರ್ ಇರುವ ಸೆಟ್ಟು. ಅಡಾಪ್ಟರ್ ಮನೆಯೊಳಗಿರುತ್ತದೆ, ಹೊರಗೆ ಹೋಗುವುದು 12 ಅಥವಾ 24 ವೋಲ್ಟ್ ಮಾತ್ರ. ಬೆಲೆ ಹೆಚ್ಚು, ನಿಜ. ಹಳೆಯ ಸೆಟ್ಟನ್ನೇ ಕಟ್ಟುವುದಾದರೆ ಅದನ್ನು ಗೇಟಿನ ಕಬ್ಬಿಣದಿಂದ ದೂರ, ಮಳೆ ಬೀಳದ ಸಜ್ಜೆಯ ಕೆಳಗೆ ಕಟ್ಟಿ. ಮೊಳೆ, ಬೈಂಡಿಂಗ್ ವೈರ್ ಬೇಡ, ಹತ್ತಿಯ ದಾರ ಸಾಕು. ಹೊರಗೆ ಜಾಯಿಂಟೇ ಇಲ್ಲದಂತೆ ಉದ್ದದ ಒಂದೇ ವೈರು ಎಳೆಯಿರಿ. ಜಾಯಿಂಟಿಗೆ ಪ್ಲಾಸ್ಟಿಕ್ ಕವರ್ ಸುತ್ತುವುದು ಹಲವರ ಅಭ್ಯಾಸ. ಬಾಯಿ ಮೇಲಿದ್ದರೆ ಅದು ನೀರು ತುಂಬಿಟ್ಟ ಚೀಲವಾಗುತ್ತದೆ. ಸಾಕೆಟ್ಟಿಗೆ ಬರುವ ವೈರು ಸಾಕೆಟ್ಟಿಗಿಂತ ಕೆಳಗೆ ಜೋತು ಆಮೇಲೆ ಮೇಲೇರಲಿ. ವೈರಿನ ಮೇಲೆ ಹರಿದ ನೀರು ಆ ಜೋಲಿನಲ್ಲಿ ತೊಟ್ಟಿಕ್ಕಿ ಬೀಳುತ್ತದೆ, ಸಾಕೆಟ್ಟಿಗೆ ಹೋಗುವುದಿಲ್ಲ.

ಸಾಕೆಟ್ಟಿನ ಭಾರದ ಲೆಕ್ಕ ಸುಲಭ. 6 ಆಂಪಿಯರನ್ನು 230ರಿಂದ ಗುಣಿಸಿದರೆ 1380 ವ್ಯಾಟ್. ಎಲ್‌ಇಡಿ ಸೆಟ್ಟು ಒಂದಕ್ಕೆ ಹತ್ತು ವ್ಯಾಟ್ ಹಿಡಿದರೂ ಹತ್ತು ಸೆಟ್ಟಿಗೆ ನೂರೇ. ಅದೇ ಎಕ್ಸ್‌ಟೆನ್ಶನ್ ಬಾಕ್ಸಿಗೆ 500 ವ್ಯಾಟಿನ ಎರಡು ಹ್ಯಾಲೊಜೆನ್ ಮತ್ತು ಇಸ್ತ್ರಿ ಪೆಟ್ಟಿಗೆ ಸೇರಿದಾಗ ಮಿತಿ ದಾಟುತ್ತದೆ. ಮಿತಿಯೊಳಗಿದ್ದರೂ ಸಡಿಲ ಪಿನ್ನು ಕಾಯುತ್ತದೆ. ಅರ್ಧ ಗಂಟೆಯ ನಂತರ ಪ್ಲಗ್ಗಿನ ಪ್ಲಾಸ್ಟಿಕ್ ಮೈ ಮುಟ್ಟಿ ನೋಡಿ. ಬಿಸಿಯಿದ್ದರೆ, ಸಾಕೆಟ್ಟಿನ ಬಾಯಿ ಕಪ್ಪಾಗಿದ್ದರೆ ಅದನ್ನು ಬದಲಿಸುವವರೆಗೆ ಬಳಸಬೇಡಿ.

ಮಳೆ ಬಂದಾಗೆಲ್ಲ ಆರ್‌ಸಿಸಿಬಿ ಬೀಳುತ್ತಿದ್ದರೆ ಎಲ್ಲೋ ಒಂದು ಜಾಯಿಂಟು ನೀರು ಕುಡಿದಿದೆ. ದಯವಿಟ್ಟು ಅದನ್ನು ಮತ್ತೆ ಮತ್ತೆ ಎತ್ತಿ ನಿಲ್ಲಿಸಬೇಡಿ. ಹೊರಗಿನ ಸರದ ಪ್ಲಗ್ಗು ಕಿತ್ತು, ಆ ರಾತ್ರಿ ಹಣತೆಗಳನ್ನಷ್ಟೇ ಹಚ್ಚಿಡಿ.