ಆರು ಸಾವಿರ ಏರಿಕೆಯಲ್ಲಿ ಆರುನೂರೈದು ಎಲ್ಲಿ ಹೋಯಿತು?

ಬೆಂಗಳೂರಿನ ಒಂದು ಕಾರ್ಖಾನೆಯಲ್ಲಿ ಒಬ್ಬರ ಸಂಬಳ ಜುಲೈಯಲ್ಲಿ 20,000ದಿಂದ 26,000ಕ್ಕೆ ಏರಿತು ಎಂದಿಟ್ಟುಕೊಳ್ಳಿ. ಬ್ಯಾಂಕಿಗೆ ಬಂದ ಹಣ ಮಾತ್ರ 5,395 ರೂಪಾಯಿಯಷ್ಟೇ ಹೆಚ್ಚಿದೆ. ಪೇ ಸ್ಲಿಪ್ಪಿನಲ್ಲಿ ಪಿಎಫ್ 1,680, ಇಎಸ್‌ಐ 195, ಪಿಟಿ 200 ಎಂದಷ್ಟೇ ಇರುತ್ತದೆ. ಏಕೆ ಎಂಬುದು ಅದರಲ್ಲಿ ಇರುವುದಿಲ್ಲ. ಅದನ್ನು ಹೇಳಬೇಕಾದದ್ದು ಸ್ಲಿಪ್ಪಿನ ಜೊತೆ ಕಳಿಸುವ ಪತ್ರ. ಯಾವ ಮೊತ್ತದ ಮೇಲೆ, ಎಷ್ಟು, ಯಾರಿಗೆ, ಎಲ್ಲಿಯವರೆಗೆ ಎಂಬ ನಾಲ್ಕು ಪ್ರಶ್ನೆಗೆ ಪ್ರತಿ ಸಾಲಿಗೂ ಉತ್ತರವಿದ್ದರೆ ಸಾಕು.

ಪಿಎಫ್ ಬಗ್ಗೆ ಹೀಗೆ ಬರೆಯಬಹುದು: "ನಿಮ್ಮ ಮೂಲ ವೇತನ ಮತ್ತು ತುಟ್ಟಿಭತ್ಯೆ 11,000 ಇದ್ದದ್ದು ಈಗ 14,000. ಅದರ ಶೇ. 12ರಂತೆ ಕಡಿತ 1,320ರಿಂದ 1,680ಕ್ಕೆ ಏರಿದೆ. ಇಷ್ಟೇ ಮೊತ್ತವನ್ನು ಕಂಪನಿಯೂ ಕಟ್ಟುತ್ತದೆ. ಆದರೆ ಕಂಪನಿಯ ಪಾಲಿನಲ್ಲಿ ಶೇ. 8.33 ಪಿಂಚಣಿ ನಿಧಿಗೆ ಹೋಗುತ್ತದೆ." ಕೊನೆಯ ಮಾತನ್ನು ಬಿಟ್ಟರೆ, ಪಾಸ್‌ಬುಕ್ಕಿನಲ್ಲಿ ಎರಡು ಪಾಲು ಸಮ ಇಲ್ಲವಲ್ಲ ಎಂದು ನೌಕರ ಮತ್ತೆ ವಿಚಾರಿಸಲು ಬರುತ್ತಾನೆ.

ಹೆಚ್ಚು ತಕರಾರು ಬರುವುದು ಇಎಸ್‌ಐ ಸಾಲಿಗೆ. ಸಂಬಳದ ಮಿತಿ 21,000. ಅದನ್ನು ದಾಟಿದ ಮೇಲೂ ಏಕೆ ಹಿಡಿಯುತ್ತೀರಿ ಎಂಬ ಪ್ರಶ್ನೆ ನ್ಯಾಯವಾದದ್ದೇ. ಇಎಸ್‌ಐ ವಂತಿಗೆಯ ಅವಧಿ ಏಪ್ರಿಲ್‌ನಿಂದ ಸೆಪ್ಟೆಂಬರ್, ಅಕ್ಟೋಬರ್‌ನಿಂದ ಮಾರ್ಚ್. ಅವಧಿಯ ನಡುವೆ ಮಿತಿ ದಾಟಿದರೆ, ಅದು ಮುಗಿಯುವವರೆಗೆ ಪೂರ್ತಿ ಸಂಬಳದ ಮೇಲೆ ಶೇ. 0.75 ಕಡಿತ ಮುಂದುವರಿಯುತ್ತದೆ. ಹೀಗಾಗಿ 150 ಇದ್ದದ್ದು 195 ಆಯಿತು. "ಸೆಪ್ಟೆಂಬರ್ ಸಂಬಳವೇ ಕೊನೆ, ಅಕ್ಟೋಬರ್‌ನಿಂದ ಈ ಕಡಿತವಿಲ್ಲ. ಏಪ್ರಿಲ್–ಸೆಪ್ಟೆಂಬರ್ ವಂತಿಗೆಗೆ ಕಾಯಿಲೆ ರಜೆಯ ಭತ್ಯೆ ಮುಂದಿನ ಜನವರಿಯಿಂದ ಜೂನ್‌ವರೆಗೆ ಸಿಗಬಹುದು" ಎಂದು ಪತ್ರದಲ್ಲಿ ಸೇರಿಸಬೇಕು. ಇದು ಗೊತ್ತಿಲ್ಲದ ಕಚೇರಿ ಜುಲೈಯಲ್ಲೇ ಕಡಿತ ನಿಲ್ಲಿಸಿದರೆ ನಷ್ಟ ನೌಕರನದು.

ಪಿಟಿ ಎಂದರೆ ರಾಜ್ಯ ಸರ್ಕಾರಕ್ಕೆ ಹೋಗುವ ವೃತ್ತಿ ತೆರಿಗೆ. ಕರ್ನಾಟಕದಲ್ಲಿ ತಿಂಗಳ ಸಂಬಳ 25,000 ಮುಟ್ಟಿದರೆ ಮಾತ್ರ ಇದು ಅನ್ವಯ, ಆದ್ದರಿಂದ ಮೊದಲ ಬಾರಿ ಕಾಣಿಸಿದೆ. ತಿಂಗಳಿಗೆ 200, ಫೆಬ್ರವರಿಯಲ್ಲಿ 300. ಆ ನೂರು ರೂಪಾಯಿಯ ವಿಷಯವನ್ನು ಈಗಲೇ ತಿಳಿಸಿಬಿಟ್ಟರೆ ಫೆಬ್ರವರಿಯಲ್ಲಿ ಗೊಂದಲವಿರದು.

ಈಗ ಕೂಡಿ ನೋಡಿ: ಪಿಎಫ್‌ನಲ್ಲಿ 360, ಇಎಸ್‌ಐನಲ್ಲಿ 45, ಪಿಟಿ 200. ಒಟ್ಟು 605. ಪತ್ರದ ಕೊನೆಗೆ ಈ ಕೂಡಿಕೆ ಇರಲಿ.

ಸ್ಲಿಪ್ಪಿನಲ್ಲಿ ಕಡಿತ ತೋರಿಸಿದ ಮಾತ್ರಕ್ಕೆ ಹಣ ಕಟ್ಟಿದಂತಲ್ಲ. ಪಿಎಫ್ ಕಟ್ಟಲು ಮುಂದಿನ ತಿಂಗಳ 15ರವರೆಗೆ ಗಡುವು ಇರುತ್ತದೆ. ಅದಾದ ಕೆಲವು ದಿನಗಳ ಮೇಲೆ ಪಾಸ್‌ಬುಕ್ಕಿನಲ್ಲಿ 1,680 ಕಾಣದಿದ್ದರೆ ಲೆಕ್ಕಪತ್ರ ವಿಭಾಗವನ್ನು ಬರವಣಿಗೆಯಲ್ಲೇ ಕೇಳಿ.